ಬ್ಯಾಂಕ್ ಖಾತೆ ಒಂದೇ ದಿನದಲ್ಲಿ ಬಂದ್ ಆಗುವುದಿಲ್ಲ

‘ನಿಮ್ಮ ಕೆವೈಸಿ ಅವಧಿ ಮುಗಿದಿದೆ. ಇಂದು ರಾತ್ರಿಯೊಳಗೆ ಪ್ಯಾನ್ ಅಪ್‌ಡೇಟ್ ಮಾಡದಿದ್ದರೆ ಖಾತೆ ಬ್ಲಾಕ್ ಆಗುತ್ತದೆ. ಕೆಳಗಿನ ಲಿಂಕ್ ಒತ್ತಿ.’

ಇಂಥ ಸಂದೇಶವನ್ನು ನಂಬಿದವರನ್ನು ದಡ್ಡರೆನ್ನುವುದು ಅನ್ಯಾಯ. ಏಕೆಂದರೆ ಇದರಲ್ಲಿ ಅರ್ಧ ನಿಜವೇ ಇದೆ. ಕೆವೈಸಿಯನ್ನು ಆಗಾಗ ನವೀಕರಿಸಬೇಕು, ಬಹುಕಾಲ ಕಡೆಗಣಿಸಿದರೆ ಬ್ಯಾಂಕು ವಹಿವಾಟನ್ನು ತಡೆಹಿಡಿಯಬಹುದು. 2014ರಲ್ಲಿ ಶುರುವಾದ ಜನಧನ್ ಖಾತೆಗಳಿಗೆ ಹತ್ತು ವರ್ಷ ತುಂಬಿದ್ದರಿಂದ, 2025ರ ಜುಲೈನಿಂದ ಸೆಪ್ಟೆಂಬರ್‌ವರೆಗೆ ಬ್ಯಾಂಕುಗಳೇ ಗ್ರಾಮ ಪಂಚಾಯಿತಿ ಮಟ್ಟದಲ್ಲಿ ಕೆವೈಸಿ ಶಿಬಿರ ನಡೆಸಿದವು. ವಂಚಕರು ಹೊಂಚು ಹಾಕುವುದು ಈ ನಿಜದ ಮರೆಯಲ್ಲೇ. ಅವರು ಸುಳ್ಳು ಹೇಳುವುದು ಗಡುವಿನ ವಿಷಯದಲ್ಲಿ.

ರಿಸರ್ವ್ ಬ್ಯಾಂಕಿನ ನಿಯಮದಲ್ಲಿ ಕೆವೈಸಿಯ ಲೆಕ್ಕ ನಡೆಯುವುದು ವರ್ಷಗಳಲ್ಲಿ. ಸಂಬಳದಾರರು, ಪಿಂಚಣಿದಾರರಂಥ ಸಾಮಾನ್ಯ ಗ್ರಾಹಕರು ಬಹುಪಾಲು ಕಡಿಮೆ ಅಪಾಯದ ಗುಂಪಿಗೆ ಸೇರುತ್ತಾರೆ. ಅವರಿಗೆ ನವೀಕರಣ ಹತ್ತು ವರ್ಷಕ್ಕೊಮ್ಮೆ. ಹೆಚ್ಚು ಅಪಾಯದವರೆಂದು ಬ್ಯಾಂಕು ಗುರುತಿಸಿದವರಿಗೂ ಎರಡು ವರ್ಷದ ಅಂತರವಿದೆ. 2025ರ ಜೂನ್‌ನ ತಿದ್ದುಪಡಿಯ ಪ್ರಕಾರ ಗಡುವಿಗೆ ಮೊದಲು ಬ್ಯಾಂಕು ಕನಿಷ್ಠ ಮೂರು ಸಲ ತಿಳಿಸಬೇಕು, ಅದರಲ್ಲಿ ಒಂದಾದರೂ ಅಂಚೆಯ ಕಾಗದವಾಗಿರಬೇಕು. ಗಡುವು ದಾಟಿದ ಮೇಲೂ ಅಷ್ಟೇ ಸಲ ನೆನಪಿಸಬೇಕು, ಆಗಲೂ ಒಂದು ಕಾಗದ ಬರಬೇಕು. ವಿಳಾಸ, ವಿವರ ಏನೂ ಬದಲಾಗಿಲ್ಲದಿದ್ದರೆ ‘ಬದಲಾವಣೆ ಇಲ್ಲ’ ಎಂಬ ಸ್ವಯಂ ಘೋಷಣೆ ಸಾಕು, ಹೊಸ ದಾಖಲೆ ಬೇಡ. ಇಷ್ಟು ನಿಧಾನವಾಗಿ ಸಾಗುವ ಕೆಲಸಕ್ಕೆ ಬೆಳಿಗ್ಗೆ ಎಚ್ಚರಿಕೆ ಕೊಟ್ಟು ರಾತ್ರಿ ಬೀಗ ಹಾಕುವ ಪದ್ಧತಿಯೇ ಇಲ್ಲ.

ಹಾಗಾದರೆ ವಂಚಕರಿಗೆ ಈ ಆತುರವೇಕೆ? ನೀವು ಶಾಖೆಗೆ ಹೋಗಿ ಕೇಳಬಾರದು, ಮಗಳಿಗೆ ಫೋನ್ ಮಾಡಬಾರದು ಎಂಬುದಕ್ಕೆ. ಅದಕ್ಕೇ ಇಂಥ ಸಂದೇಶ ಎಷ್ಟೋ ಸಲ ಬರುವುದು ಬ್ಯಾಂಕು ಮುಚ್ಚಿದ ಮೇಲೆ ಅಥವಾ ರಜೆಯ ದಿನ.

ದಾವಣಗೆರೆಯ ಒಬ್ಬ ನಿವೃತ್ತ ಶಿಕ್ಷಕಿ ಶನಿವಾರ ಸಂಜೆ ಆ ಲಿಂಕ್ ಒತ್ತಿದರೆಂದು ಊಹಿಸಿಕೊಳ್ಳಿ. ಅವರ ಬ್ಯಾಂಕಿನ ಲಾಂಛನವಿರುವ ಪುಟ ತೆರೆಯುತ್ತದೆ. ‘ಕೆವೈಸಿ ಆ್ಯಪ್’ ಹಾಕಿಕೊಳ್ಳಿ ಎನ್ನುತ್ತದೆ. ಅದು ಪ್ಲೇ ಸ್ಟೋರ್‌ನಲ್ಲಿರುವ ಆ್ಯಪ್ ಅಲ್ಲ, ಹೆಸರಿನ ಕೊನೆಯಲ್ಲಿ .apk ಎಂದಿರುವ ಒಂದು ಫೈಲ್. ಅಪರಿಚಿತ ಮೂಲದ್ದೆಂದು ಫೋನೇ ಎಚ್ಚರಿಸುತ್ತದೆ, ಆದರೆ ಗಾಬರಿಯಲ್ಲಿ ಅದನ್ನು ದಾಟಿಬಿಡುತ್ತಾರೆ. ಆ್ಯಪ್ ಎಸ್‌ಎಂಎಸ್ ಓದಲು ಅನುಮತಿ ಕೇಳುತ್ತದೆ. ಅನಾಹುತ ಆಗುವುದು ಇಲ್ಲೇ. ಆಮೇಲೆ ಬರುವ ನಮೂನೆಯಲ್ಲಿ ಖಾತೆ ಸಂಖ್ಯೆ, ಡೆಬಿಟ್ ಕಾರ್ಡ್ ಸಂಖ್ಯೆ, ಪಿನ್ ತುಂಬಿದರೆ ಎಲ್ಲವೂ ವಂಚಕನ ಕೈಸೇರುತ್ತದೆ. ಅವನು ಹಣ ಎಳೆಯತೊಡಗಿದಾಗ ಶಿಕ್ಷಕಿಯ ಫೋನಿಗೆ ಬರುವ ಒಟಿಪಿಯನ್ನು ಆ ಆ್ಯಪ್ ಸದ್ದಿಲ್ಲದೆ ಅವನಿಗೆ ರವಾನಿಸುತ್ತದೆ. ‘ನಾನು ಒಟಿಪಿ ಯಾರಿಗೂ ಹೇಳಿಲ್ಲವಲ್ಲ’ ಎಂದು ಅವರು ಅಳುತ್ತಾ ಹೇಳುವುದು ಅಕ್ಷರಶಃ ಸತ್ಯ. ಹೇಳದಿದ್ದರೂ ಅದು ಹೋಗಿದೆ.

ಗುರುತಿಸಲು ಎರಡು ಕಡೆ ನೋಡಿ. ಬ್ಯಾಂಕಿನ ಎಸ್‌ಎಂಎಸ್ ಹತ್ತು ಅಂಕಿಯ ಮೊಬೈಲ್ ಸಂಖ್ಯೆಯಿಂದ ಬರುವುದಿಲ್ಲ, ನೋಂದಾಯಿತ ಅಕ್ಷರಗಳ ಹೆಸರಿನಿಂದ ಬರುತ್ತದೆ. ಜಾಲತಾಣದ ವಿಳಾಸವನ್ನು .bank.in ಎಂಬ ಕೊನೆಗೆ ಬದಲಿಸಿಕೊಳ್ಳಲು ರಿಸರ್ವ್ ಬ್ಯಾಂಕ್ ಬ್ಯಾಂಕುಗಳಿಗೆ 2025ರ ಅಕ್ಟೋಬರ್ 31ರ ಗಡುವು ಕೊಟ್ಟಿತ್ತು. ವಿಳಾಸದ ನಡುವೆ ಬ್ಯಾಂಕಿನ ಹೆಸರಿದ್ದರೆ ಸಾಲದು, ಮೊದಲ ಒಂಟಿ ಓರೆಗೆರೆಗೆ ಮುಂಚಿನ ಕೊನೆಯ ಭಾಗ ಏನೆಂದು ನೋಡಬೇಕು. ಅನುಮಾನವಿದ್ದರೆ ಸಂದೇಶದಲ್ಲಿರುವ ನಂಬರಿಗೆ ಕರೆ ಮಾಡದೆ, ಕಾರ್ಡಿನ ಹಿಂಭಾಗದಲ್ಲಿ ಅಚ್ಚಾಗಿರುವ ನಂಬರಿಗೆ ಮಾಡಿ.

ಆಗಲೇ ಮೋಸ ಹೋಗಿದ್ದರೆ ಮೊದಲು ಆ ಫೋನನ್ನು ಆಫ್ ಮಾಡಿ. ಅದು ಚಾಲೂ ಇರುವಷ್ಟು ಹೊತ್ತೂ ಒಟಿಪಿ ಸೋರುತ್ತಲೇ ಇರುತ್ತದೆ. ಬೇರೆ ಫೋನಿನಿಂದ ಬ್ಯಾಂಕಿಗೆ ಹೇಳಿ ಖಾತೆ, ಕಾರ್ಡ್ ತಡೆಸಿ. ಕೂಡಲೇ 1930ಕ್ಕೆ ದೂರು ಕೊಡಿ. ಕದ್ದ ಹಣ ಬೇರೆಯವರ ಹೆಸರಿನ ಖಾತೆಗಳ ಮೂಲಕ ದಾಟುತ್ತಾ ಹೋಗುತ್ತದೆ. ಯಾವುದಾದರೂ ಖಾತೆಯಲ್ಲಿ ಇನ್ನೂ ಉಳಿದಿದ್ದರೆ ಅಲ್ಲೇ ಹಿಡಿದಿಡಲು ಸಾಧ್ಯ. ನಾಚಿಕೆಯಿಂದ ಬೆಳಗಾಗಲಿ ಎಂದು ಕೂರಬೇಡಿ. ರಿಸರ್ವ್ ಬ್ಯಾಂಕಿನ 2017ರ ಸುತ್ತೋಲೆಯ ಪ್ರಕಾರ, ಪಿನ್‌ನಂಥ ವಿವರ ಕೊಟ್ಟಿದ್ದರೆ ಬ್ಯಾಂಕಿಗೆ ತಿಳಿಸುವವರೆಗಿನ ನಷ್ಟ ಗ್ರಾಹಕರದು, ತಿಳಿಸಿದ ನಂತರ ಆಗುವ ನಷ್ಟ ಬ್ಯಾಂಕಿನದು.