ಎಂಟು ತಜ್ಞರು, ಪ್ರತಿ ಸಲ ಇಬ್ಬರಿಗೆ ಮಾತ್ರ ಕೆಲಸ

2023ರ ಡಿಸೆಂಬರ್‌ನಲ್ಲಿ ಪ್ಯಾರಿಸ್‌ನ ಮಿಸ್ಟ್ರಲ್ ಎಐ ಕಂಪನಿ ಮಿಕ್ಸ್‌ಟ್ರಲ್ 8x7B ಎಂಬ ಭಾಷಾ ಮಾದರಿಯನ್ನು ಬಿಡುಗಡೆ ಮಾಡಿತು. ಅದರಲ್ಲಿರುವ ಪ್ಯಾರಾಮೀಟರ್‌ಗಳು, ಅಂದರೆ ತರಬೇತಿಯಲ್ಲಿ ತಿದ್ದಿ ತೀಡಿ ಉಳಿಸಿಕೊಂಡ ಅಂಕಿಗಳು, ಸುಮಾರು 4,670 ಕೋಟಿ. ಆದರೆ ಒಂದು ಟೋಕನ್ ಅದರ ಮೂಲಕ ಹಾದುಹೋಗುವಾಗ ಕೆಲಸಕ್ಕೆ ಬರುವುದು ಸುಮಾರು 1,290 ಕೋಟಿ ಮಾತ್ರ. ಮಿಕ್ಕವು ಆ ಹೊತ್ತಿಗೆ ಸುಮ್ಮನಿರುತ್ತವೆ. ಟೋಕನ್ ಎಂದರೆ ಮಾದರಿ ಓದುವ ಪಠ್ಯದ ತುಣುಕು. ಒಂದು ಪದ ಒಂದೇ ಟೋಕನ್ ಆಗಬಹುದು, ಹಲವು ತುಂಡುಗಳೂ ಆಗಬಹುದು.

ಮಾಮೂಲಿ ಮಾದರಿಗಳಲ್ಲಿ ಹೀಗಿಲ್ಲ. ಬಂದ ಟೋಕನ್ ಅಲ್ಪವಿರಾಮವೇ ಆಗಿರಲಿ, ಕಠಿಣ ಗಣಿತದ ಸಂಕೇತವೇ ಆಗಿರಲಿ, ಎಲ್ಲ ಪ್ಯಾರಾಮೀಟರ್‌ಗಳೂ ಲೆಕ್ಕಕ್ಕೆ ಬರುತ್ತವೆ. ಒಂದು ಪ್ಯಾರಾಮೀಟರಿಗೆ ಒಂದು ಗುಣಾಕಾರ, ಒಂದು ಸಂಕಲನ ಎಂದು ಹಿಡಿದರೆ, 4,670 ಕೋಟಿಯ ಮಾಮೂಲಿ ಮಾದರಿ ಪ್ರತಿ ಟೋಕನಿಗೂ 9,000 ಕೋಟಿಗಿಂತ ಹೆಚ್ಚು ಲೆಕ್ಕ ಮಾಡಬೇಕು. ಮಿಕ್ಸ್‌ಟ್ರಲ್‌ಗೆ ಸುಮಾರು 2,600 ಕೋಟಿ ಸಾಕು. ಕಾಲು ಭಾಗಕ್ಕಿಂತ ಸ್ವಲ್ಪ ಹೆಚ್ಚು, ಅಷ್ಟೇ.

ಈ ಉಳಿತಾಯ ಎಲ್ಲಿಂದ ಬರುತ್ತದೆ ಎಂದು ತಿಳಿಯಲು ಮಾದರಿಯ ಒಳಗೆ ಇಣುಕಬೇಕು. ಮಿಕ್ಸ್‌ಟ್ರಲ್‌ನಲ್ಲಿ ಒಂದರ ಮೇಲೊಂದು 32 ಪದರಗಳಿವೆ. ಪ್ರತಿ ಪದರದಲ್ಲೂ ಎರಡು ಕೆಲಸ ನಡೆಯುತ್ತದೆ. ಮೊದಲನೆಯದು ಅಟೆನ್ಷನ್: ಈ ಟೋಕನಿಗೂ ಹಿಂದಿನ ಟೋಕನ್‌ಗಳಿಗೂ ಏನು ಸಂಬಂಧ ಎಂದು ನೋಡುವುದು. ಇದನ್ನು ಎಲ್ಲ ಟೋಕನ್‌ಗಳಿಗೂ ಒಂದೇ ವ್ಯವಸ್ಥೆ ಮಾಡುತ್ತದೆ. ಎರಡನೆಯದು ಫೀಡ್‌ಫಾರ್ವರ್ಡ್ ಜಾಲ. ಪ್ಯಾರಾಮೀಟರ್‌ಗಳ ಬಹುಪಾಲು ಇರುವುದು ಇದರಲ್ಲೇ. ಮಾಮೂಲಿ ಮಾದರಿಯಲ್ಲಿ ಇಂಥದ್ದು ಪದರಕ್ಕೊಂದು, ಮಿಕ್ಸ್‌ಟ್ರಲ್‌ನಲ್ಲಿ ಎಂಟು. ಆ ಎಂಟಕ್ಕೆ ‘ತಜ್ಞರು’ ಎಂದು ಹೆಸರು. ಒಬ್ಬೊಬ್ಬ ತಜ್ಞನದು ಸುಮಾರು 17.6 ಕೋಟಿ ಪ್ಯಾರಾಮೀಟರ್. ಅಟೆನ್ಷನ್ ಭಾಗ ಎಂಟು ಪಟ್ಟು ಆಗದೆ ಒಂದೇ ಉಳಿಯುವುದರಿಂದ, ಹೆಸರಿನಲ್ಲಿ ಎಂಟೇಳಲೆ ಐವತ್ತಾರು ಇದ್ದರೂ ಒಟ್ಟು ಮೊತ್ತ 5,600 ಕೋಟಿ ಮುಟ್ಟುವುದಿಲ್ಲ.

ಯಾವ ತಜ್ಞರನ್ನು ಕರೆಯಬೇಕೆಂದು ನಿರ್ಧರಿಸುವುದು ರೂಟರ್ ಎಂಬ ಪುಟ್ಟ ಜಾಲ. ಪದರಕ್ಕೊಂದು ರೂಟರ್, ಅದರಲ್ಲಿ ಬರೀ 32,768 ಅಂಕಿಗಳು. ಟೋಕನ್ ಬಂದ ಕೂಡಲೇ ಅದು ಎಂಟು ತಜ್ಞರಿಗೂ ಒಂದೊಂದು ಅಂಕ ಕೊಟ್ಟು, ಮೊದಲೆರಡು ಸ್ಥಾನದವರನ್ನು ಆರಿಸುತ್ತದೆ. ಮೂರನೆಯ ಮತ್ತು ಏಳನೆಯ ತಜ್ಞರು ಆಯ್ಕೆಯಾದರು, ಅವರ ಪಾಲು 0.7 ಮತ್ತು 0.3 ಎಂದುಕೊಳ್ಳಿ. ಇಬ್ಬರೂ ತಮ್ಮ ಲೆಕ್ಕ ಮುಗಿಸಿದ ಮೇಲೆ ಮೂರನೆಯವನ ಉತ್ತರವನ್ನು 0.7ರಿಂದ, ಏಳನೆಯವನದನ್ನು 0.3ರಿಂದ ಗುಣಿಸಿ ಕೂಡಿದರೆ ಆ ಪದರದ ಉತ್ತರ ಸಿದ್ಧ. ಮಿಕ್ಕ ಆರು ಜನರ ಲೆಕ್ಕವನ್ನು ಮಾಡುವುದೇ ಇಲ್ಲ. ಮುಂದಿನ ಪದರದಲ್ಲಿ ಮತ್ತೆ ಹೊಸ ಆಯ್ಕೆ.

‘ತಜ್ಞ’ ಎಂದ ಕೂಡಲೇ ಒಬ್ಬ ವೈದ್ಯಕೀಯ ಬಲ್ಲವನು, ಇನ್ನೊಬ್ಬ ಕಾನೂನು ಬಲ್ಲವನು ಎಂದು ಕಲ್ಪಿಸಿಕೊಳ್ಳುವುದು ಸಹಜ. ಮಿಕ್ಸ್‌ಟ್ರಲ್ ತಯಾರಿಸಿದವರೇ ಪರೀಕ್ಷಿಸಿ ನೋಡಿದಾಗ ವಿಷಯವಾರು ಹಂಚಿಕೆ ಸ್ಪಷ್ಟವಾಗಿ ಕಾಣಲಿಲ್ಲ. ಕಂಡದ್ದು ಬರವಣಿಗೆಯ ರೂಪಕ್ಕೆ ಸಂಬಂಧಿಸಿದ ಒಲವು: ಪೈಥಾನ್ ಕೋಡಿನ `self` ಎಂಬ ಪದ, ಸಾಲಿನ ಆರಂಭದ ಖಾಲಿ ಜಾಗ, ಇಂಥವು ಪದೇಪದೇ ಅದದೇ ತಜ್ಞರ ಬಳಿ ಹೋಗುತ್ತಿದ್ದವು. ಈ ಹಂಚಿಕೆಯನ್ನು ಯಾರೂ ಹೇಳಿಕೊಟ್ಟಿರಲಿಲ್ಲ, ತರಬೇತಿಯಲ್ಲಿ ತಾನಾಗಿ ಮೂಡಿತ್ತು. ನನಗೆ ಈ ತಂತ್ರದಲ್ಲಿ ಅತ್ಯಂತ ಕುತೂಹಲ ಹುಟ್ಟಿಸುವ ಸಂಗತಿ ಇದೇ.

ತಾನಾಗಿ ಮೂಡುವುದರಲ್ಲೇ ಅಪಾಯವೂ ಇದೆ. ತರಬೇತಿಯ ಆರಂಭದಲ್ಲಿ ಆಕಸ್ಮಿಕವಾಗಿ ಒಬ್ಬ ತಜ್ಞ ಸ್ವಲ್ಪ ಮುಂದಿದ್ದರೆ ರೂಟರ್ ಅವನಿಗೇ ಹೆಚ್ಚು ಟೋಕನ್ ಕಳಿಸುತ್ತದೆ. ಹೆಚ್ಚು ಟೋಕನ್ ಕಂಡವನು ಹೆಚ್ಚು ಕಲಿಯುತ್ತಾನೆ, ಆದ್ದರಿಂದ ಮತ್ತಷ್ಟು ಟೋಕನ್ ಅವನ ಪಾಲಿಗೇ. ಕೊನೆಗೆ ಒಬ್ಬಿಬ್ಬರು ದುಡಿದು, ಉಳಿದವರು ಏನೂ ಕಲಿಯದೆ ಉಳಿಯುತ್ತಾರೆ. ಇದನ್ನು ಪತ್ತೆಮಾಡುವುದು ಕಷ್ಟವಲ್ಲ: ಯಾರಿಗೆ ಎಷ್ಟು ಟೋಕನ್ ಹೋಯಿತು ಎಂದು ಎಣಿಸಿದರಾಯಿತು. ಎಂಟರಲ್ಲಿ ಇಬ್ಬರನ್ನು ಆರಿಸುವಾಗ ಒಬ್ಬೊಬ್ಬನ ಬಳಿಗೂ ಹೆಚ್ಚುಕಡಿಮೆ ಶೇ 25ರಷ್ಟು ಟೋಕನ್ ಬರಬೇಕು. ಒಬ್ಬನಿಗೆ ಶೇ 80, ಇನ್ನೊಬ್ಬನಿಗೆ ಶೇ 1 ಎಂದಾದರೆ ಹಂಚಿಕೆ ಕೆಟ್ಟಿದೆ ಎಂದೇ ಅರ್ಥ. ಇದನ್ನು ತಡೆಯಲು ಹಂಚಿಕೆ ಏರುಪೇರಾದಷ್ಟೂ ದಂಡ ಹಾಕುವ ಒಂದು ಸೂತ್ರವನ್ನು ತರಬೇತಿಯಲ್ಲಿ ಸೇರಿಸುವುದು ರೂಢಿ. ದಂಡ ಅತಿಯಾದರೆ ರೂಟರ್ ಸರಿಯಾದ ತಜ್ಞನನ್ನು ಬಿಟ್ಟು ಸರದಿ ಪ್ರಕಾರ ಹಂಚತೊಡಗುತ್ತದೆ, ಮಾದರಿಯ ಗುಣಮಟ್ಟ ಕುಸಿಯುತ್ತದೆ. 2024ರ ಡಿಸೆಂಬರ್‌ನಲ್ಲಿ ಬಂದ ಚೀನಾದ ಡೀಪ್‌ಸೀಕ್-ವಿ3 ಮುಖ್ಯವಾಗಿ ಬೇರೆ ದಾರಿ ಹಿಡಿಯಿತು. ಕೆಲಸ ಹೆಚ್ಚಾದ ತಜ್ಞನ ಅಂಕವನ್ನು ಆಯ್ಕೆಯ ಹಂತದಲ್ಲಿ ಮಾತ್ರ ಸ್ವಲ್ಪ ಇಳಿಸುವುದು, ಕೆಲಸ ಕಡಿಮೆ ಇರುವವನದನ್ನು ಏರಿಸುವುದು ಅದರ ಉಪಾಯ.

ಉಳಿಯುವುದು ಲೆಕ್ಕದ ಶ್ರಮ, ಮೆಮೊರಿಯಲ್ಲ. ಮುಂದಿನ ಟೋಕನ್ ಯಾವ ತಜ್ಞನನ್ನು ಕರೆಯುತ್ತದೋ ಮೊದಲೇ ಗೊತ್ತಿಲ್ಲದ್ದರಿಂದ ಎಲ್ಲರನ್ನೂ ಸಿದ್ಧವಾಗಿಟ್ಟಿರಬೇಕು. ಒಂದು ಪ್ಯಾರಾಮೀಟರಿಗೆ 2 ಬೈಟ್ ಎಂದರೆ ಮಿಕ್ಸ್‌ಟ್ರಲ್‌ಗೆ 93 ಜಿಬಿಯಷ್ಟು ಜಾಗ ಬೇಕು. 80 ಜಿಬಿಯ ದುಬಾರಿ ಜಿಪಿಯು ಕಾರ್ಡಿನಲ್ಲೂ ಅದು ಹಿಡಿಸುವುದಿಲ್ಲ. ಎರಡು ಕಾರ್ಡ್ ಬೇಕು, ಇಲ್ಲವೇ ಅಂಕಿಗಳ ನಿಖರತೆ ತಗ್ಗಿಸಿ ಕುಗ್ಗಿಸಬೇಕು. ಹಾಗಾಗಿ ಮನೆಯ ಲ್ಯಾಪ್‌ಟಾಪಿನಲ್ಲಿ ಮಾದರಿ ನಡೆಸಬೇಕೆನ್ನುವವರಿಗೆ ಚಿಕ್ಕ ಮಾಮೂಲಿ ಮಾದರಿಯೇ ಹೆಚ್ಚಾಗಿ ಒಗ್ಗುತ್ತದೆ. ಸಾವಿರಾರು ಜನರ ಪ್ರಶ್ನೆಗಳನ್ನು ಒಟ್ಟಿಗೆ ನಿಭಾಯಿಸುವ ಡೇಟಾ ಸೆಂಟರುಗಳ ಪರಿಸ್ಥಿತಿ ಬೇರೆ. ಅಲ್ಲಿ ತಜ್ಞರನ್ನು ಹತ್ತಾರು ಕಾರ್ಡುಗಳಿಗೆ ಹಂಚಿಟ್ಟರೆ ಎಲ್ಲರಿಗೂ ಸದಾ ಯಾವುದಾದರೊಂದು ಟೋಕನ್ ಸಿಗುತ್ತದೆ. 67,100 ಕೋಟಿ ಪ್ಯಾರಾಮೀಟರಿನ ಡೀಪ್‌ಸೀಕ್-ವಿ3, ಟೋಕನಿಗೆ 3,700 ಕೋಟಿಯನ್ನಷ್ಟೇ ಬಳಸುತ್ತಾ ಕೆಲಸ ಮಾಡುವುದು ಇಂಥ ವ್ಯವಸ್ಥೆಯಲ್ಲೇ.