ಚೆಕ್‌ಡಿಸ್ಕ್ ಅಲ್ಲೇ ನಿಂತಿದೆ: ಕಾಯುವುದೋ, ನಿಲ್ಲಿಸುವುದೋ?

ಮದುವೆ, ನಾಮಕರಣಗಳ ವಿಡಿಯೋ ತೆಗೆಯುವ ಒಂದು ಸ್ಟುಡಿಯೋ ಎಂದುಕೊಳ್ಳಿ. ಅಲ್ಲಿನ 4 ಟಿಬಿ ಎಕ್ಸ್‌ಟರ್ನಲ್ ಹಾರ್ಡ್ ಡಿಸ್ಕಿಗೆ ಫೈಲ್ ಕಾಪಿ ಆಗುತ್ತಿದ್ದಾಗ ಕರೆಂಟು ಹೋಯಿತು. ಆಮೇಲೆ ನೋಡಿದರೆ ಕೆಲವು ಫೋಲ್ಡರುಗಳು ತೆರೆಯುತ್ತಿಲ್ಲ. ಯಾರೋ ಹೇಳಿದರೆಂದು ಕಮ್ಯಾಂಡ್ ಪ್ರಾಂಪ್ಟ್‌ನಲ್ಲಿ ಹೀಗೆ ಟೈಪ್ ಮಾಡಿದರು:

```
chkdsk E: /r
```

ಮೊದಲ ಕೆಲವು ನಿಮಿಷ ಅಂಕಿಗಳು ಓಡಿದವು. ಶೇಕಡಾ 27ಕ್ಕೆ ಬಂದದ್ದೇ ನಿಂತವು. ಮಧ್ಯಾಹ್ನದ ಊಟ ಮುಗಿಸಿ ಬಂದರೂ 27, ಅಂಗಡಿ ಬಾಗಿಲು ಹಾಕುವ ಹೊತ್ತಿಗೂ 27. ಇದು ಕೆಲಸ ಮಾಡುತ್ತಿದೆಯೋ, ಕೆಟ್ಟು ಕೂತಿದೆಯೋ? ಕೇಬಲ್ ಕಿತ್ತರೆ ಇದ್ದದ್ದೂ ಹೋದೀತೇ?

ಉತ್ತರ ತಿಳಿಯಲು ಚೆಕ್‌ಡಿಸ್ಕ್ ಏನು ಮಾಡುತ್ತದೆ ಎಂಬುದನ್ನು ನೋಡಬೇಕು. ವಿಂಡೋಸ್ ಪ್ರತಿ ಡಿಸ್ಕಿನಲ್ಲೂ ಒಂದು ದಾಖಲೆ ಪುಸ್ತಕ ಇಟ್ಟಿರುತ್ತದೆ. ಯಾವ ಫೈಲ್ ಎಲ್ಲಿದೆ, ಯಾವ ಫೋಲ್ಡರಿಗೆ ಸೇರಿದೆ, ಯಾರಿಗೆ ಅನುಮತಿ ಇದೆ ಎಂಬುದೆಲ್ಲ ಅದರಲ್ಲಿರುತ್ತದೆ. ಚೆಕ್‌ಡಿಸ್ಕಿನ ಮೊದಲ ಮೂರು ಹಂತಗಳು ಈ ಪುಸ್ತಕವನ್ನಷ್ಟೇ ಪರೀಕ್ಷಿಸುತ್ತವೆ. `/f` ಎಂದು ಕೊಟ್ಟರೆ ತಪ್ಪುಗಳನ್ನು ತಿದ್ದಿ ಅಲ್ಲಿಗೇ ಮುಗಿಸುತ್ತದೆ. `/r` ಎಂದರೆ ಇನ್ನೆರಡು ಹಂತ ಸೇರುತ್ತವೆ. ನಾಲ್ಕನೆಯದರಲ್ಲಿ ಪ್ರತಿ ಫೈಲನ್ನೂ ಮೊದಲಿಂದ ಕೊನೆಯವರೆಗೆ ಓದುತ್ತದೆ, ಐದನೆಯದರಲ್ಲಿ ಖಾಲಿ ಜಾಗವನ್ನೂ ಬಿಡದೆ ಓದುತ್ತದೆ. ಮೊದಲ ಮೂರು ಹಂತ ಪಹಣಿ ತಿರುವಿ ಹಾಕಿದಂತೆ. ಕೊನೆಯ ಎರಡು, ಊರಿನ ಒಂದೊಂದು ಹೊಲದ ಬದುವನ್ನೂ ನಡೆದು ನೋಡಿದಂತೆ.

ಶೇಕಡಾವಾರು ನಿಂತಂತೆ ಕಾಣುವುದು ಹೆಚ್ಚಾಗಿ ನಾಲ್ಕನೇ ಹಂತದಲ್ಲಿ. ಅಲ್ಲಿ ಲೆಕ್ಕ ಹಿಡಿಯುವುದು ಫೈಲುಗಳ ಸಂಖ್ಯೆಯನ್ನು, ಅವುಗಳ ಗಾತ್ರವನ್ನಲ್ಲ. ಸ್ಟುಡಿಯೋದ ಡಿಸ್ಕಿನಲ್ಲಿ 2 ಲಕ್ಷ ಫೋಟೋ ಇವೆ, ಜೊತೆಗೆ ತಲಾ 60 ಜಿಬಿಯ 40 ವಿಡಿಯೋ ಇವೆ ಎನ್ನಿ. ಸಂಖ್ಯೆಯಲ್ಲಿ ಈ 40 ಫೈಲುಗಳ ಪಾಲು ಶೇಕಡಾ 0.02 ಮಾತ್ರ. ಗಾತ್ರದಲ್ಲಿ ಅವು 2,400 ಜಿಬಿ. ಡಿಸ್ಕ್ ಸೆಕೆಂಡಿಗೆ 120 ಎಂಬಿ ಓದಿದರೂ ಇಷ್ಟಕ್ಕೆ ಐದೂವರೆ ಗಂಟೆ ಬೇಕು. ಒಟ್ಟಿಗೆ ಕಾಪಿ ಮಾಡಿದ ವಿಡಿಯೋಗಳು ದಾಖಲೆ ಪುಸ್ತಕದಲ್ಲೂ ಸಾಮಾನ್ಯವಾಗಿ ಹತ್ತಿರ ಹತ್ತಿರವೇ ಇರುತ್ತವೆ. ಅವುಗಳ ಸರದಿ ಬಂದಾಗ ಆ ಐದೂವರೆ ಗಂಟೆಯೂ ತೆರೆಯ ಮೇಲಿನ ಶೇಕಡಾ ಅಂಕಿ ಕದಲುವುದೇ ಇಲ್ಲ. ಡಿಸ್ಕ್ ಹಳೆಯ ಯುಎಸ್‌ಬಿ 2.0 ಪೋರ್ಟಿಗೆ ಸಿಕ್ಕಿಸಿದ್ದರಂತೂ ವೇಗ 35 ಎಂಬಿ ಆಸುಪಾಸಿಗೆ ಇಳಿದು, ಅದೇ ಕೆಲಸಕ್ಕೆ 19 ಗಂಟೆ ಹಿಡಿಯುತ್ತದೆ. ಇಡೀ 4 ಟಿಬಿ ಓದಲು ಮೊದಲ ವೇಗದಲ್ಲಿ ಸುಮಾರು ಒಂಬತ್ತು ಗಂಟೆ, ಎರಡನೆಯದರಲ್ಲಿ ಸುಮಾರು 32 ಗಂಟೆ. ಇಲ್ಲಿ ಡಿಸ್ಕಿನಲ್ಲಿ ಯಾವ ದೋಷವೂ ಇಲ್ಲ. ಆರೋಗ್ಯವಾಗಿರುವ ದೊಡ್ಡ ಡಿಸ್ಕಿಗೆ ತಗಲುವ ಸಹಜ ಹೊತ್ತೇ ಇಷ್ಟು.

ಹಾಗಾಗಿ ಶೇಕಡಾ ಅಂಕಿಯನ್ನು ಬಿಟ್ಟು ಬೇರೆ ಎರಡನ್ನು ನೋಡಬೇಕು. ಒಂದು, ಅದೇ ಸಾಲಿನಲ್ಲಿ `Progress` ಎಂಬುದರ ಮುಂದೆ ಇಷ್ಟರಲ್ಲಿ ಇಷ್ಟು ಮುಗಿಯಿತೆಂದು ತೋರುವ ಸಂಖ್ಯೆ. ಅದನ್ನೂ ಗಡಿಯಾರದ ಹೊತ್ತನ್ನೂ ಚೀಟಿಯಲ್ಲಿ ಬರೆದಿಟ್ಟು, ಒಂದು ಗಂಟೆ ಬಿಟ್ಟು ಮತ್ತೆ ನೋಡಿ. ಒಂದೋ ಎರಡೋ ಮುಂದೆ ಹೋಗಿದ್ದರೂ ಕೆಲಸ ಸಾಗುತ್ತಿದೆ ಎಂದೇ ಅರ್ಥ. ಎರಡು, ಟಾಸ್ಕ್ ಮ್ಯಾನೇಜರ್ ತೆರೆದು `Performance` ಪುಟದಲ್ಲಿ ಆ ಡಿಸ್ಕನ್ನು ಆರಿಸಿಕೊಳ್ಳಿ. ಓದುವ ವೇಗ ಸೆಕೆಂಡಿಗೆ ಹತ್ತಾರು ಎಂಬಿ ಇದ್ದರೆ ನಿಶ್ಚಿಂತೆಯಿಂದ ಕಾಯಬಹುದು. `ETA` ಎಂದು ತೋರಿಸುವ ಬಾಕಿ ಹೊತ್ತನ್ನು ಮಾತ್ರ ನಂಬಿಕೊಳ್ಳಬೇಡಿ, ಅದು ಕ್ಷಣಕ್ಷಣಕ್ಕೂ ಬದಲಾಗುವ ಅಂದಾಜು.

ಅದೇ ಪುಟದಲ್ಲಿ ಬೇರೆಯೇ ಚಿತ್ರ ಕಂಡರೆ ಎಚ್ಚರವಾಗಬೇಕು. ಡಿಸ್ಕ್ ಶೇಕಡಾ 100ರಷ್ಟು ಬಿಡುವಿಲ್ಲದೆ ದುಡಿಯುತ್ತಿದೆ, ಆದರೆ ಓದುವ ವೇಗ ಸೊನ್ನೆಗೆ ಇಳಿದಿದೆ, `Average response time` ಸಾವಿರಾರು ಮಿಲಿಸೆಕೆಂಡಿಗೆ ಏರಿದೆ. ಡಿಸ್ಕ್ ಒಂದು ಕೆಟ್ಟ ಸೆಕ್ಟರನ್ನು ಓದಲು ಮತ್ತೆ ಮತ್ತೆ ಒದ್ದಾಡುತ್ತಿದೆ ಎಂಬುದರ ಲಕ್ಷಣ ಇದು. ಅಂಥ ಒಂದೊಂದು ಜಾಗಕ್ಕೂ ಹಲವು ಸೆಕೆಂಡು ಹೋಗುತ್ತದೆ, ಸಾವಿರ ಜಾಗಗಳಿದ್ದರೆ ಗಂಟೆಗಳೇ ಹೋಗುತ್ತವೆ. ಖಚಿತಪಡಿಸಿಕೊಳ್ಳಲು ಈವೆಂಟ್ ವ್ಯೂವರ್‌ನ `System` ಲಾಗ್ ನೋಡಿ. `disk` ಹೆಸರಿನಲ್ಲಿ 7ನೇ ಸಂಖ್ಯೆಯ ಈವೆಂಟ್ ಇದ್ದರೆ ಕೆಟ್ಟ ಬ್ಲಾಕ್ ಸಿಕ್ಕಿದೆ ಎಂದರ್ಥ. 153 ಇದ್ದರೆ ಓದುವ ಅಥವಾ ಬರೆಯುವ ಯತ್ನವನ್ನು ಮತ್ತೆ ಮಾಡಬೇಕಾಯಿತು ಎಂದರ್ಥ. ಇವು ಸಾಲುಸಾಲಾಗಿ ಬೀಳುತ್ತಿದ್ದರೆ ಕಾಯುವುದೇ ಅಪಾಯ. ಸಾಯುತ್ತಿರುವ ಡಿಸ್ಕಿನಿಂದ ಚೆಕ್‌ಡಿಸ್ಕ್ ಇಡೀ ದಿನ ಕೆಲಸ ತೆಗೆಯುತ್ತದೆ, ಆದರೆ ಒಂದು ಫೈಲನ್ನೂ ಬೇರೆಡೆಗೆ ಸಾಗಿಸುವುದಿಲ್ಲ. ಕೆಟ್ಟ ಜಾಗದ ಬದಲು ಒಳ್ಳೆಯ ಜಾಗ ಕೊಡುತ್ತದೆ ನಿಜ, ಓದಲಾಗದ ದತ್ತಾಂಶ ಮಾತ್ರ ಹೋದದ್ದೇ.

ನಿಲ್ಲಿಸಬೇಕೆಂದರೆ ಹೇಗೆ? ಕಮ್ಯಾಂಡ್ ಪ್ರಾಂಪ್ಟ್‌ನಲ್ಲಿ Ctrl+C ಒತ್ತಿ, ಅದು ಸ್ಪಂದಿಸುವವರೆಗೆ ತಾಳಿ. ನಡುವೆ ನಿಲ್ಲಿಸುವುದನ್ನು ಮೈಕ್ರೋಸಾಫ್ಟ್ ಶಿಫಾರಸು ಮಾಡುವುದಿಲ್ಲ. ಆದರೂ ಹಾಗೆ ನಿಲ್ಲಿಸಿದರೆ ಡಿಸ್ಕ್ ಮೊದಲಿದ್ದದ್ದಕ್ಕಿಂತ ಹೆಚ್ಚು ಕೆಡಬಾರದು ಎಂದು ಅದರ ಕೈಪಿಡಿಯೇ ಹೇಳುತ್ತದೆ. ನಾಲ್ಕು ಮತ್ತು ಐದನೇ ಹಂತಗಳಲ್ಲಿ ಬಹುಪಾಲು ಓದುವ ಕೆಲಸವೇ ಆದ್ದರಿಂದ ಅಲ್ಲಿ ಆತಂಕ ಕಡಿಮೆ. ಮೊದಲ ಮೂರು ಹಂತಗಳಲ್ಲಿ ದಾಖಲೆ ಪುಸ್ತಕವನ್ನೇ ತಿದ್ದಿ ಬರೆಯುತ್ತಿರಬಹುದು. ಲಕ್ಷಾಂತರ ಫೈಲುಗಳಿದ್ದರೆ ಎರಡನೇ ಹಂತವೂ ಬಹಳ ಹೊತ್ತು ಹಿಡಿಯುತ್ತದೆ. ಆಗ ಕೇಬಲ್ ಕೀಳುವುದು, ಪವರ್ ಬಟನ್ ಒತ್ತಿ ಹಿಡಿಯುವುದು ಬೇಡ. ಬೇರೆ ದಾರಿಯೇ ಇಲ್ಲದಿದ್ದರೆ ಮಾತ್ರ ಅದು. ಕೆಟ್ಟ ಸೆಕ್ಟರುಗಳ ಕಾರಣಕ್ಕೆ ನಿಲ್ಲಿಸಿದ್ದಾದರೆ ಮುಂದಿನ ಹೆಜ್ಜೆ ಇನ್ನೊಂದು ಚೆಕ್‌ಡಿಸ್ಕ್ ಅಲ್ಲ. ಬೇಕಾದ ಫೈಲುಗಳನ್ನು ಮೊದಲು ಬೇರೆ ಡಿಸ್ಕಿಗೆ ಕಾಪಿ ಮಾಡಿ. ಕಾಪಿಯೂ ತಡವರಿಸಿದರೆ ಲಿನಕ್ಸ್‌ನ `ddrescue` ಬಲ್ಲವರ ಕೈಗೆ ಕೊಡಿ. ಅದು ಸಲೀಸಾಗಿ ಓದಬಹುದಾದ ಭಾಗಗಳನ್ನು ಮೊದಲು ಎತ್ತಿಕೊಂಡು, ಕೆಟ್ಟ ಜಾಗಗಳನ್ನು ಕೊನೆಗೆ ಉಳಿಸಿಕೊಳ್ಳುತ್ತದೆ.

ಕಂಪ್ಯೂಟರ್ ಆನ್ ಆಗುವಾಗಲೇ C: ಡ್ರೈವಿನ ಪರೀಕ್ಷೆ ಶುರುವಾದರೆ ಕಾಣುವುದು ಕಪ್ಪು ತೆರೆಯಲ್ಲಿ ಒಂದು ಶೇಕಡಾ ಅಂಕಿ ಮಾತ್ರ. ಟಾಸ್ಕ್ ಮ್ಯಾನೇಜರ್ ಸಿಗುವುದಿಲ್ಲ. ಆಗ ಡಿಸ್ಕಿನ ದೀಪ ನೋಡಿ, ಸದ್ದು ಕೇಳಿ. ದೀಪ ಮಿನುಗುತ್ತಿದ್ದು ಸದ್ದು ಒಂದೇ ಸಮನಾಗಿದ್ದರೆ ಲ್ಯಾಪ್‌ಟಾಪನ್ನು ಚಾರ್ಜರಿಗೆ ಹಾಕಿ ರಾತ್ರಿಯಿಡೀ ಬಿಡಿ. ಲಯಬದ್ಧವಾಗಿ ಟಕ್ ಟಕ್ ಎನ್ನುವ ಸದ್ದು ಬಂದರೆ ಡಿಸ್ಕಿಗೆ ಪೆಟ್ಟಾಗಿರುವ ಸಾಧ್ಯತೆ ಹೆಚ್ಚು. ಮತ್ತೆ ಆನ್ ಮಾಡುವಾಗ ಪರೀಕ್ಷೆ ಬೇಡವೆನಿಸಿದರೆ, ಶುರುವಿಗೆ ಮುನ್ನ ಸಿಗುವ ಕೆಲವೇ ಸೆಕೆಂಡುಗಳಲ್ಲಿ ಯಾವುದಾದರೂ ಕೀ ಒತ್ತಿ ತಪ್ಪಿಸಬಹುದು. ಪರೀಕ್ಷೆ ಮುಗಿದಿದ್ದರೆ ಅದರ ವರದಿ ಈವೆಂಟ್ ವ್ಯೂವರ್‌ನ `Application` ಲಾಗ್‌ನಲ್ಲಿ `Wininit` ಹೆಸರಿನ ಕೆಳಗೆ ಇರುತ್ತದೆ.

ನಿಜ ಹೇಳಬೇಕೆಂದರೆ ಕರೆಂಟು ಹೋಗಿ ಫೋಲ್ಡರ್ ತೆರೆಯದೇ ಹೋದದ್ದು ದಾಖಲೆ ಪುಸ್ತಕದ ತೊಂದರೆ. ಅದಕ್ಕೆ `/f` ಒಂದೇ ಸಾಕಿತ್ತು, ಬಹುಶಃ ಕೆಲವೇ ನಿಮಿಷಗಳಲ್ಲಿ ಮುಗಿಯುತ್ತಿತ್ತು. ಡಿಸ್ಕಿನ ಮೇಲ್ಮೈಯೇ ಕೆಟ್ಟಿರಬಹುದೆಂಬ ಅನುಮಾನವಿದ್ದರೆ ಕ್ರಿಸ್ಟಲ್‌ಡಿಸ್ಕ್‌ಇನ್ಫೋದಂಥ ಉಚಿತ ತಂತ್ರಾಂಶದಲ್ಲಿ ಮೊದಲು ಆರೋಗ್ಯ ನೋಡಿ. ಅಲ್ಲಿ `Current Pending Sector` ಸೊನ್ನೆಗಿಂತ ಹೆಚ್ಚಿದ್ದರೆ ಮೊದಲು ಬ್ಯಾಕಪ್. `/r` ಬೇಕೇ ಎಂಬ ಯೋಚನೆ ಅದಾದ ಮೇಲೆ.