ಜೋಡಿಚಕ್ರದ ಒಳಟೈರು: ಬೇಗೂರಿನಿಂದ ವಯನಾಡು ಘಟ್ಟದವರೆಗೆ

ಬೇಗೂರು, ಗುಂಡ್ಲುಪೇಟೆಗಳ ಮೂಲಕ ಹಾದು ಬಂಡೀಪುರದ ಕಾಡನ್ನು ದಾಟಿ ಕೋಳಿಕ್ಕೋಡಿನತ್ತ ಸಾಗುವ ರಾಷ್ಟ್ರೀಯ ಹೆದ್ದಾರಿ 766, ಅಂದರೆ ಹಿಂದಿನ 212, ನಮ್ಮ ಭಾಗದ ವರ್ತಕರಿಗೆ ಚಿರಪರಿಚಿತವಾದುದು. ತೆರಕಣಾಂಬಿಯ ತರಕಾರಿಯಿಂದ ಹಿಡಿದು ತಾಲ್ಲೂಕಿನ ಜಲ್ಲಿ, ಎಂ-ಸ್ಯಾಂಡಿನವರೆಗೆ ಬಹಳಷ್ಟು ಸರಕು ಈ ರಸ್ತೆಯಲ್ಲಿಯೇ ಸಾಗುತ್ತದೆ. ದಾರಿಯಲ್ಲಿ ಟೈರು ಸಿಡಿದು ನಿಂತ ಲಾರಿಯನ್ನು ಕಂಡಾಗ ನಾವು ಸಾಮಾನ್ಯವಾಗಿ ಟೈರಿನ ಕಂಪನಿಯನ್ನೋ ರಸ್ತೆಯ ಗುಂಡಿಯನ್ನೋ ದೂರುತ್ತೇವೆ. ಆದರೆ ಸಿಡಿದದ್ದು ಹಿಂದಿನ ಜೋಡಿಚಕ್ರದ ಟೈರಾಗಿದ್ದಲ್ಲಿ, ಅದರ ಪಕ್ಕದ ಟೈರಿನಲ್ಲಿ ಎಷ್ಟು ಗಾಳಿ ಇತ್ತು ಎಂಬುದನ್ನು ಮೊದಲು ವಿಚಾರಿಸಬೇಕು.

ಇದನ್ನು ಒಂದು ಲೆಕ್ಕದ ಮೂಲಕ ನೋಡೋಣ. ಹತ್ತು ಚಕ್ರದ ಲಾರಿಯೊಂದರ ಹಿಂದಿನ ಎರಡು ಆ್ಯಕ್ಸಲ್‌ಗಳ ಮೇಲೆ 2018ರ ಪರಿಷ್ಕರಣೆಯ ನಂತರ ಗರಿಷ್ಠ 21 ಟನ್ ಭಾರಕ್ಕೆ ಅನುಮತಿಯಿದೆ. ಅದಕ್ಕೂ ಮೊದಲು ಈ ಮಿತಿ 19 ಟನ್ ಇತ್ತು. (ಹಳೆಯ ವಾಹನಗಳವರು ತಮ್ಮ ಆರ್.ಸಿ. ಪುಸ್ತಕದಲ್ಲಿ ನಮೂದಾದ ತೂಕವನ್ನೇ ನಂಬುವುದು ಲೇಸು.) 21 ಟನ್ನನ್ನು ಎಂಟು ಟೈರುಗಳು ಸಮನಾಗಿ ಹೊತ್ತರೆ ಒಂದೊಂದರ ಪಾಲು 2,625 ಕಿಲೋ. ಟೈರಿನ ಪಕ್ಕದ ಗೋಡೆಯ ಮೇಲೆ 146/143 ಎಂದು ಅಚ್ಚಾಗಿದೆ ಎಂದುಕೊಳ್ಳೋಣ. ಮೊದಲ ಅಂಕಿ ಒಂಟಿ ಚಕ್ರಕ್ಕೆ, ಎರಡನೆಯದು ಜೋಡಿಚಕ್ರಕ್ಕೆ ಸಂಬಂಧಿಸಿದ್ದು. 143 ಎಂದರೆ ಜೋಡಿಯಲ್ಲಿ ಒಂದು ಟೈರು 2,725 ಕಿಲೋ ಹೊರಬಲ್ಲದು ಎಂದರ್ಥ. ಅಲ್ಲಿಗೆ ಕಾನೂನುಬದ್ಧ ಭಾರದಲ್ಲಿಯೂ ಪ್ರತಿ ಟೈರಿಗೆ ಉಳಿಯುವ ಅವಕಾಶ ಕೇವಲ ನೂರು ಕಿಲೋ.

ಈಗ ಹೊರಟೈರಿನಲ್ಲಿ 120 ಪೌಂಡ್, ಒಳಟೈರಿನಲ್ಲಿ 100 ಪೌಂಡ್ ಗಾಳಿ ಇದೆ ಎಂದು ಭಾವಿಸಿರಿ. ಎರಡೂ ಒಂದೇ ಹಬ್‌ಗೆ ಬಿಗಿಯಲ್ಪಟ್ಟಿರುವುದರಿಂದ ಭಾರದಡಿಯಲ್ಲಿ ಹೆಚ್ಚು ಕಡಿಮೆ ಒಂದೇ ಪ್ರಮಾಣದಲ್ಲಿ ಕುಗ್ಗುತ್ತವೆ. ಆಗ ಗಾಳಿ ಹೆಚ್ಚಿರುವ ಟೈರು ಹೆಚ್ಚು ಭಾರ ಹೊರುತ್ತದೆ. ಸ್ಥೂಲವಾಗಿ ಗಾಳಿಯ ಅನುಪಾತದಲ್ಲಿ ಹಂಚಿದರೆ, ಜೋಡಿಯ 5,250 ಕಿಲೋ ಭಾರದಲ್ಲಿ ಹೊರಟೈರಿಗೆ ಸುಮಾರು 2,860, ಒಳಟೈರಿಗೆ 2,390 ಕಿಲೋ ಬೀಳುತ್ತದೆ. ವೇಬ್ರಿಡ್ಜ್ ಚೀಟಿ ಸರಿಯಾಗಿಯೇ ಇದೆ, ದಂಡ ಹಾಕುವವರಿಲ್ಲ, ಆದರೂ ಹೊರಟೈರು ತನ್ನ ಮಿತಿಯನ್ನು ಮೀರಿದೆ. ಇನ್ನು ಹಿಂಭಾಗದ ಮೇಲೆ ನಾಲ್ಕು ಟನ್ ಹೆಚ್ಚುವರಿ ಜಲ್ಲಿ ತುಂಬಿದರೆ ಅದೇ ಹೊರಟೈರಿನ ಪಾಲು 3,400 ಕಿಲೋಗೆ ಏರುತ್ತದೆ. ಇದು ಮಿತಿಗಿಂತ ಸುಮಾರು ನಾಲ್ಕನೆಯ ಒಂದು ಭಾಗ ಅಧಿಕ. ಒಳಟೈರಿನ ಪಾಲು 2,840 ಕಿಲೋ. ಗಾಳಿ ಇಳಿದಂತೆ ಅದರ ಹೊರುವ ಶಕ್ತಿಯೂ ಇಳಿದಿರುವುದರಿಂದ ಅದಕ್ಕೂ ಉಳಿವಿಲ್ಲ. 1988ರ ಮೋಟಾರು ವಾಹನ ಕಾಯ್ದೆಯ 194ನೆಯ ಕಲಮಿನಂತೆ ಅಧಿಕ ಭಾರಕ್ಕೆ 20,000 ರೂಪಾಯಿ ಮತ್ತು ಹೆಚ್ಚಿನ ಪ್ರತಿ ಟನ್ನಿಗೆ 2,000 ರೂಪಾಯಿ ದಂಡವಿದೆ. ಓಡಿಸಿದವನಷ್ಟೇ ಅಲ್ಲ, ಓಡಿಸಲು ಕಾರಣನಾದವನೂ ಈ ಕಲಮಿನ ವ್ಯಾಪ್ತಿಗೆ ಬರುತ್ತಾನೆಂಬುದನ್ನು ಸರಕು ತುಂಬಿಸುವ ವರ್ತಕರು ಗಮನಿಸಬೇಕು.

ಒಳಟೈರಿನಲ್ಲಿಯೇ ಗಾಳಿ ಕಡಿಮೆಯಾಗುವುದು ಏಕೆ? ಅದರ ವಾಲ್ವ್ ಕೈಗೆಟುಕುವುದಿಲ್ಲ. ಕ್ಲೀನರ್ ಹೊರಟೈರನ್ನು ನೋಡುತ್ತಾನೆ, ಒಳಗಿನದಕ್ಕೆ ಕಬ್ಬಿಣದ ಸಲಾಕೆಯಿಂದ ಒಂದು ಪೆಟ್ಟು ಹಾಕಿ ಶಬ್ದ ಕೇಳುತ್ತಾನೆ. ಪೂರ್ತಿ ಗಾಳಿ ಹೋಗಿದ್ದರೆ ಶಬ್ದದಿಂದ ತಿಳಿದೀತು. 120 ಪೌಂಡ್ ಇದೆಯೋ 95 ಪೌಂಡ್ ಇದೆಯೋ ಎಂಬುದನ್ನು ಎಂತಹ ಪಳಗಿದ ಕಿವಿಯೂ ಹೇಳಲಾರದು. ವಾಲ್ವಿಗೆ ಉದ್ದನೆಯ ಎಕ್ಸ್‌ಟೆನ್ಶನ್ ಹಾಕಿಸುವುದು ಅಲ್ಪ ವೆಚ್ಚದ ಕೆಲಸ. ಜೋಡಿಯ ಎರಡು ಟೈರುಗಳ ನಡುವೆ ಐದು ಪೌಂಡಿಗಿಂತ ಹೆಚ್ಚಿನ ವ್ಯತ್ಯಾಸ ಇರಬಾರದು.

ಗಾಳಿ ಸಮನಾಗಿದ್ದರೂ ಸಾಲದು, ಎತ್ತರವೂ ಸಮನಾಗಿರಬೇಕು. ಹೊಸ ಟೈರಿನ ಪಕ್ಕದಲ್ಲಿ ಸವೆದ ಟೈರನ್ನು ಕೂಡಿಸುವ ಅಭ್ಯಾಸ ನಮ್ಮಲ್ಲಿ ಹೇರಳವಾಗಿದೆ. ವ್ಯಾಸದಲ್ಲಿ ಒಂದು ಸೆಂಟಿಮೀಟರ್ ವ್ಯತ್ಯಾಸವಿದ್ದರೆ ಪ್ರತಿ ಸುತ್ತಿಗೆ ಮೂರು ಸೆಂಟಿಮೀಟರಿಗಿಂತ ಸ್ವಲ್ಪ ಹೆಚ್ಚು ಅಂತರ ಬೀಳುತ್ತದೆ. ಈ ಅಳತೆಯ ಟೈರು ಒಂದು ಕಿಲೋಮೀಟರಿಗೆ ಸುಮಾರು ಮುನ್ನೂರು ಸುತ್ತು ತಿರುಗುತ್ತದೆ. ಎರಡೂ ಒಟ್ಟಿಗೇ ತಿರುಗಲೇಬೇಕಾದ್ದರಿಂದ ಕಿಲೋಮೀಟರಿಗೆ ಒಂಬತ್ತು ಮೀಟರಿನಷ್ಟು ದೂರವನ್ನು ಯಾವುದಾದರೊಂದು ಟೈರು ಉಜ್ಜಿಕೊಂಡೇ ಸಾಗುತ್ತದೆ. ವ್ಯತ್ಯಾಸವನ್ನು ಆರು ಮಿಲಿಮೀಟರಿನೊಳಗೆ ಇರಿಸಿ, ಚಿಕ್ಕದನ್ನು ಒಳಗಡೆ ಹಾಕಿಸುವುದು ರೂಢಿ. ಕ್ವಾರಿಯಿಂದ ಬರುವ ಟಿಪ್ಪರುಗಳವರು ಎರಡು ಟೈರುಗಳ ನಡುವೆ ಸಿಕ್ಕಿಕೊಂಡ ಕಲ್ಲನ್ನು ತೆಗೆದ ಬಳಿಕವೇ ಹೆದ್ದಾರಿಗೆ ಇಳಿಯಬೇಕೆಂಬುದನ್ನು ಬೇರೆ ಹೇಳಬೇಕಿಲ್ಲ.

ಇನ್ನು ಶಾಖದ ವಿಚಾರ. ಟೈರು ಪ್ರತಿ ಸುತ್ತಿನಲ್ಲಿಯೂ ನೆಲ ಮುಟ್ಟುವಲ್ಲಿ ಬಾಗಿ ಮತ್ತೆ ನೆಟ್ಟಗಾಗುತ್ತದೆ. ಈ ಬಾಗುವಿಕೆಯಲ್ಲಿ ವ್ಯಯವಾಗುವ ಶಕ್ತಿಯೇ ಶಾಖವಾಗುತ್ತದೆ. ಭಾರ ಹೆಚ್ಚಾದರೂ ಗಾಳಿ ಕಡಿಮೆಯಾದರೂ ಬಾಗುವಿಕೆ ಹೆಚ್ಚುತ್ತದೆ. ವೇಗ ಹೆಚ್ಚಾದರೆ ಆರಲು ಸಮಯ ಸಿಗುವುದಿಲ್ಲ. ರಬ್ಬರು ಶಾಖವನ್ನು ಬೇಗ ಬಿಟ್ಟುಕೊಡದ ವಸ್ತು. ಹಾಗಾಗಿ ಟೈರಿನ ಭುಜದ ಒಳಪದರಗಳಲ್ಲಿ ಅದು ಸೇರುತ್ತಾ ಹೋಗಿ, ಕಾಲಾನಂತರದಲ್ಲಿ ರಬ್ಬರಿಗೂ ತಂತಿಗೂ ಇರುವ ಬೆಸುಗೆ ಸಡಿಲುತ್ತದೆ. ಇಂದು ಪಟ್ಟ ಪೆಟ್ಟಿಗೆ ಟೈರು ಮುಂದಿನ ವಾರ ಸಿಡಿಯಬಹುದು. ಕಾರಣ ಹುಡುಕುವವರು ದಾರಿ ತಪ್ಪುವುದು ಇಲ್ಲಿಯೇ. ಒಳಟೈರಿಗಂತೂ ಗಾಳಿಯಾಟ ಕಡಿಮೆ. ಲಕ್ಕಿಡಿಯಿಂದ ಕೆಳಗೆ ವಯನಾಡು ಘಟ್ಟದ ಒಂಬತ್ತು ಹೇರ್‌ಪಿನ್ ತಿರುವುಗಳನ್ನು ಬ್ರೇಕ್ ಮೇಲೆಯೇ ಇಳಿದರೆ ಡ್ರಮ್ಮಿನ ಕಾವು ರಿಮ್ಮಿನ ಮೂಲಕ ಅದಕ್ಕೇ ಹರಿಯುತ್ತದೆ.

ಬಿಸಿಯಾದ ಟೈರಿನಲ್ಲಿ ಒತ್ತಡ ಏರುವುದು ಸಹಜ. ಮುಂಜಾನೆ 27 ಡಿಗ್ರಿಯಲ್ಲಿ 120 ಪೌಂಡ್ ಇದ್ದುದು, ಒಳಗಿನ ಗಾಳಿ 69 ಡಿಗ್ರಿಗೆ ಕಾದಾಗ 139 ಪೌಂಡ್ ತೋರಿಸುತ್ತದೆ. ಇದನ್ನು ಕಂಡು ಹೆದರಿದ ಚಾಲಕ ದಾರಿಯಲ್ಲಿ ಗಾಳಿ ಬಿಟ್ಟು 120ಕ್ಕೆ ಇಳಿಸಿದರೆ, ಮರುದಿನ ಟೈರು ತಣ್ಣಗಾದಾಗ ಉಳಿಯುವುದು 104 ಪೌಂಡಿನಷ್ಟು ಮಾತ್ರ. ಅಂದರೆ ಶಾಖದ ಮದ್ದೆಂದು ಮಾಡಿದ್ದು ಮತ್ತಷ್ಟು ಶಾಖಕ್ಕೆ ಕಾರಣವಾಗುತ್ತದೆ. ಬಿಸಿ ಟೈರಿನ ಗಾಳಿಯನ್ನು ಎಂದಿಗೂ ಬಿಡಬಾರದು; ನಿಲ್ಲಿಸಿ ತಾನಾಗಿ ಆರಲು ಬಿಡಬೇಕು, ನೀರನ್ನೂ ಎರಚಬಾರದು.

ಅಳೆಯಬೇಕಾದದ್ದು ತಣ್ಣಗಿರುವಾಗ. ಈ ದೃಷ್ಟಿಯಿಂದ ನಮ್ಮ ರಸ್ತೆಗೆ ಒಂದು ಅನುಕೂಲವಿದೆ. ಬಂಡೀಪುರದಲ್ಲಿ 2009ರಿಂದ ರಾತ್ರಿ 9ರಿಂದ ಬೆಳಿಗ್ಗೆ 6ರವರೆಗೆ ಸರಕು ವಾಹನಗಳಿಗೆ ಸಂಚಾರ ನಿರ್ಬಂಧವಿರುವ ಕಾರಣ, ಅನೇಕ ಲಾರಿಗಳು ಗುಂಡ್ಲುಪೇಟೆಯ ಆಚೆ ಚೆಕ್‌ಪೋಸ್ಟ್ ಬಳಿ ರಾತ್ರಿ ಕಳೆಯುತ್ತವೆ. ಬೆಳಗಿನ ಐದೂವರೆಗೆ ಟೈರುಗಳು ಸಂಪೂರ್ಣವಾಗಿ ಆರಿರುತ್ತವೆ. ಗೇಟು ತೆರೆಯುವ ಮುನ್ನದ ಆ ಅರ್ಧ ಗಂಟೆಯಲ್ಲಿ ಹತ್ತೂ ಟೈರುಗಳನ್ನು ಗೇಜಿನಿಂದ ನೋಡಿ ಪುಸ್ತಕದಲ್ಲಿ ಬರೆದಿಡಬಹುದು. ಇದಕ್ಕೆ ವ್ಯತಿರಿಕ್ತವಾಗಿ, ಸಂಜೆ ಬೇಗೂರಿನಿಂದ ಹೊರಟು ಒಂಬತ್ತರೊಳಗೆ ಗೇಟು ದಾಟಲೇಬೇಕೆಂದು ಧಾವಿಸುವ ಲಾರಿಗಳು ಅಳತೆಯನ್ನೂ ಮಾಡುವುದಿಲ್ಲ, ಟೈರನ್ನು ಆರಲೂ ಬಿಡುವುದಿಲ್ಲ. ಸರಕು ತುಂಬುವ ಹೊತ್ತನ್ನು ಎರಡು ಗಂಟೆ ಹಿಂದಕ್ಕೆ ತರುವುದು ವರ್ತಕರ ಕೈಯಲ್ಲೇ ಇದೆ.

ಬಸ್ಸುಗಳಿಗೂ ಇದೇ ಲೆಕ್ಕ ಅನ್ವಯಿಸುತ್ತದೆ; ಹಿಂದಿನ ಡಿಕ್ಕಿಯಲ್ಲಿಯೂ ಮೇಲ್ಛಾವಣಿಯ ಮೇಲೂ ಪಾರ್ಸೆಲ್ ಹೇರುವ ಖಾಸಗಿ ಬಸ್ಸುಗಳಲ್ಲಿ ಭಾರ ಹಿಂದಿನ ನಾಲ್ಕು ಟೈರುಗಳ ಮೇಲೆಯೇ ಕೂರುತ್ತದೆ.

ದಾರಿಯಲ್ಲಿ ಚಹಾಕ್ಕೆ ನಿಲ್ಲಿಸಿದಾಗ ಅಂಗೈಯ ಹಿಂಬದಿಯನ್ನು ಒಂದೊಂದೇ ಟೈರಿನ ಭುಜದ ಹತ್ತಿರ ಹಿಡಿದು ನೋಡಿದರೆ, ಜೋಡಿಯಲ್ಲಿ ಒಂದು ಮತ್ತೊಂದಕ್ಕಿಂತ ಎದ್ದು ಕಾಣುವಷ್ಟು ಬಿಸಿಯಾಗಿರುವುದು ತಿಳಿಯುತ್ತದೆ. ಹಾಗೆ ಕಂಡ ಜೋಡಿಯನ್ನು ಆರಿದ ಮೇಲೆ ಅಳೆಯಬೇಕು. ನೂರು ಪೌಂಡಿಗಿಂತ ಕೆಳಗೆ ಭಾರ ಹೊತ್ತು ಓಡಿದ ಟೈರನ್ನು ಗಾಡಿಯ ಮೇಲೆಯೇ ಮತ್ತೆ ತುಂಬಿಸದೆ, ಕಳಚಿ ಒಳಗಡೆ ಪರೀಕ್ಷಿಸಬೇಕು. ಒಳಗೋಡೆಯಲ್ಲಿ ಸುತ್ತಲೂ ಸುಕ್ಕು, ಉದುರಿದ ರಬ್ಬರಿನ ಪುಡಿ ಅಥವಾ ನೀಲಿಗಟ್ಟಿದ ಬಣ್ಣ ಕಂಡರೆ ಅದರ ತಂತಿಗಳು ದಣಿದಿವೆ ಎಂದು ತಿಳಿಯಬೇಕು. ಅಂತಹ ಟೈರು ಓಡುವಾಗಷ್ಟೇ ಅಲ್ಲ, ಪಂಚರ್ ಅಂಗಡಿಯಲ್ಲಿ ಗಾಳಿ ತುಂಬುವಾಗಲೂ ಪಕ್ಕದ ಗೋಡೆ ಸೀಳಿ ಸಿಡಿಯಬಹುದು. ಆದ್ದರಿಂದ ಪರೀಕ್ಷೆಯಲ್ಲಿ ಉಳಿದ ಟೈರಿಗೂ ಕಬ್ಬಿಣದ ಪಂಜರದೊಳಗಿಟ್ಟು, ಉದ್ದನೆಯ ಪೈಪಿನಿಂದ, ಪಕ್ಕಕ್ಕೆ ಸರಿದು ನಿಂತು ಗಾಳಿ ತುಂಬಿಸತಕ್ಕದ್ದು.